ಸೂಲಗಿತ್ತಿಯ ದಿನಚರಿಯಲ್ಲಿ ಒಂದು ಕಾಲ: ಸೂಕ್ಷ್ಮ ಚರಿತ್ರೆಯ ಬಗೆ

1789ರ ಏಪ್ರಿಲ್ 24ರಂದು ಮಧ್ಯಾಹ್ನ ಸುರಿಯುವ ಮಳೆಯಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು ದೋಣಿ ಹತ್ತಿ ಅಮೆರಿಕದ ಕೆನೆಬೆಕ್ ಎಂಬ ಹೊಳೆಯನ್ನು ದಾಟಿದಳು. ಹೊಳೆಯಲ್ಲಿ ಅಲೆಗಳೆದ್ದಿದ್ದವು. ಆಚೆ ದಡ ಸೇರಿದ ಮೇಲೆ ಇನ್ನೊಂದು ತೊರೆ ಅಡ್ಡವಾಯಿತು. ಅದನ್ನು ತೇಲುವ ಮರದ ದಿಮ್ಮಿಗಳ ಮೇಲೆ ಕಾಲಿಟ್ಟು ದಾಟಿದಳು. ಕುದುರೆಯೇರಿ ಮುಂದೆ ಹೋಗುವಾಗ ದೊಡ್ಡ ಮರವೊಂದು ಬುಡಸಮೇತ ಕಿತ್ತು ಅವಳೆದುರಿಗೇ ಬಿತ್ತು, ಕುದುರೆ ಬೆಚ್ಚಿ ಹಿಂದಕ್ಕೆ ನೆಗೆಯಿತು. ಅದನ್ನೂ ದಾಟಿ ಹೋದರೆ ಮತ್ತೊಂದು ತೊರೆಗೆ ಇದ್ದ ಸೇತುವೆ ಕೊಚ್ಚಿಹೋಗಿತ್ತು. ಕರೆಯಲು ಬಂದಿದ್ದ ಗಂಡಸು ನೀರಿಗಿಳಿದು ಕುದುರೆಯ ಲಗಾಮು ಹಿಡಿದು ದಾಟಿಸಿದನು. ರಾತ್ರಿ ಹತ್ತು ಗಂಟೆಗೆ ಆ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಇದಾದ ಆರು ದಿನಗಳಿಗೆ, ಏಪ್ರಿಲ್ 30ರಂದು, ನ್ಯೂಯಾರ್ಕ್ ನಗರದಲ್ಲಿ ಜಾರ್ಜ್ ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು.

ಈ ಎರಡು ಘಟನೆಗಳಲ್ಲಿ ಎರಡನೆಯದು ನಮಗೆ ಶಾಲೆಯಲ್ಲಿಯೇ ಗೊತ್ತಾಗಿದೆ. ಮೊದಲನೆಯದು ಗೊತ್ತಾಗಿರುವುದು ಆ ಹೆಂಗಸು, ಮಾರ್ಥಾ ಬ್ಯಾಲಾರ್ಡ್ ಎಂಬ ಸೂಲಗಿತ್ತಿ, ಇಪ್ಪತ್ತೇಳು ವರ್ಷಗಳ ಕಾಲ ದಿನವೂ ಬರೆದಿಟ್ಟ ದಿನಚರಿಯಿಂದ. ಚರಿತ್ರೆಯ ವಿದ್ಯಾರ್ಥಿಗಳಿಗೆ ಸೂಕ್ಷ್ಮ ಚರಿತ್ರೆ, ಅಂದರೆ ಮೈಕ್ರೋಹಿಸ್ಟರಿ, ಎಂದರೇನು ಎಂದು ಹೇಳಬೇಕಾದಾಗ ನಾನು ಲಕ್ಷಣವಾಕ್ಯದಿಂದ ತೊಡಗುವುದಿಲ್ಲ, ಈ ದಿನಚರಿಯಿಂದಲೇ ತೊಡಗುತ್ತೇನೆ. ಇಂದೂ ಹಾಗೆಯೇ ಮಾಡುತ್ತೇನೆ. ಸಣ್ಣದನ್ನು ಹತ್ತಿರದಿಂದ ನೋಡುವುದಕ್ಕೂ, ಹಾಗೆ ನೋಡಿದ್ದರಿಂದ ದೊಡ್ಡದೊಂದರ ಬಗ್ಗೆ ನಾವು ಹೇಳುತ್ತಿದ್ದ ಮಾತನ್ನು ತಿದ್ದಿಕೊಳ್ಳುವುದಕ್ಕೂ ನಡುವೆ ಎಷ್ಟು ಕೆಲಸವಿದೆ ಎಂಬುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

ಮೊದಲು ಒಂದು ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಊರಿನ ಚರಿತ್ರೆ ನಮಗೆ ಹೊಸದಲ್ಲ. ಸ್ಥಳಪುರಾಣಗಳಿವೆ, ಕೈಫಿಯತ್ತುಗಳಿವೆ, ಊರಿನ ಹಿರಿಯರು ಅಭಿಮಾನದಿಂದ ಬರೆದ ಪುಸ್ತಕಗಳಿವೆ. ಅವುಗಳಲ್ಲಿ ಊರೇ ವಿಷಯ. ಊರಿನ ಬಗ್ಗೆ ತಿಳಿದದ್ದನ್ನೆಲ್ಲ ಸೇರಿಸಿದರೆ ಕೆಲಸ ಮುಗಿಯಿತು. ಸೂಕ್ಷ್ಮ ಚರಿತ್ರೆಯಲ್ಲಿ ಊರು ವಿಷಯವಲ್ಲ, ನೋಡುವ ಜಾಗ. ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಸ್ ತಮ್ಮ ಶಾಸ್ತ್ರದ ಬಗ್ಗೆ ಹೇಳಿದ ಮಾತೊಂದಿದೆ: ಮಾನವಶಾಸ್ತ್ರಜ್ಞರು ಹಳ್ಳಿಗಳನ್ನು ಅಭ್ಯಾಸ ಮಾಡುವುದಿಲ್ಲ, ಹಳ್ಳಿಗಳಲ್ಲಿ ಅಭ್ಯಾಸ ಮಾಡುತ್ತಾರೆ. 1970ರ ದಶಕದಲ್ಲಿ ಇಟಲಿಯ ಕಾರ್ಲೊ ಗಿಂಜ್‌ಬರ್ಗ್, ಜೊವಾನಿ ಲೆವಿ, ಎದೊವಾರ್ದೊ ಗ್ರೆಂದಿ ಮುಂತಾದವರು ಈ ಬಗೆಯ ಚರಿತ್ರೆಗೆ ಹೆಸರನ್ನೂ ರೂಪವನ್ನೂ ಕೊಟ್ಟಾಗ ಅವರ ಅಸಮಾಧಾನವಿದ್ದದ್ದು ಸರಾಸರಿಗಳ ಬಗ್ಗೆ. ಶತಮಾನಗಳ ಜನಸಂಖ್ಯೆ, ಬೆಲೆ, ಬೆಳೆಗಳನ್ನು ಕೋಷ್ಟಕಗಳಲ್ಲಿ ಜೋಡಿಸುವ ಚರಿತ್ರೆ ಆಗ ಬಲವಾಗಿತ್ತು. ಅದರಲ್ಲಿ ಎಷ್ಟು ಜನ ಹುಟ್ಟಿದರು, ಎಷ್ಟು ಜನ ಸತ್ತರು ಎಂಬುದು ಸಿಗುತ್ತಿತ್ತು. ಒಬ್ಬ ಮನುಷ್ಯನ ಮುಂದೆ ಯಾವ ದಾರಿಗಳು ತೆರೆದಿದ್ದವು, ಅವನು ಯಾವುದನ್ನು ಏಕೆ ಹಿಡಿದ ಎಂಬುದು ಸಿಗುತ್ತಿರಲಿಲ್ಲ.

ಈಗ ದಿನಚರಿಗೆ ಬರೋಣ. ಮಾರ್ಥಾ ಹುಟ್ಟಿದ್ದು 1735ರಲ್ಲಿ, ಮ್ಯಾಸಚೂಸೆಟ್ಸಿನ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳನ್ನು ಹೆತ್ತಳು. 1769ರ ಬೇಸಗೆಯಲ್ಲಿ ಗಂಟಲುಮಾರಿ ಬಂದು ಕೆಲವೇ ದಿನಗಳ ಅಂತರದಲ್ಲಿ ಮೂವರು ಹೆಣ್ಣುಮಕ್ಕಳು ತೀರಿಕೊಂಡರು. ಆಗ ಅವಳು ತುಂಬು ಬಸುರಿ. ಮುಂದೆ ಗಂಡ ಎಫ್ರೇಮ್ ಬ್ಯಾಲಾರ್ಡನೊಂದಿಗೆ ಉತ್ತರಕ್ಕೆ, ಇಂದು ಮೇನ್ ರಾಜ್ಯದಲ್ಲಿರುವ ಹ್ಯಾಲೊವೆಲ್ ಎಂಬ ಊರಿಗೆ ವಲಸೆ ಬಂದಳು. ಗಂಡ ಭೂಮಾಪಕ, ಮರ ಕೊಯ್ಯುವ ಗಿರಣಿಯನ್ನೂ ನಡೆಸುತ್ತಿದ್ದನು. ದಿನಚರಿ 1785ರ ಜನವರಿ 1ರಂದು ತೊಡಗಿ 1812ರ ಮೇ ತಿಂಗಳಲ್ಲಿ, ಅವಳು ಸಾಯುವುದಕ್ಕೆ ಸ್ವಲ್ಪ ಮೊದಲು, ನಿಲ್ಲುತ್ತದೆ. ಒಟ್ಟು 9,965 ದಿನಗಳ ಬರಹ. ಅದರಲ್ಲಿ 816 ಹೆರಿಗೆಗಳು ದಾಖಲಾಗಿವೆ.

ದಿನಚರಿ ಎಂದೊಡನೆ ನಾವು ಮನಸ್ಸಿನ ಮಾತುಗಳನ್ನು ನಿರೀಕ್ಷಿಸುತ್ತೇವೆ. ಇದರಲ್ಲಿ ಅದು ಬಹಳ ಕಡಿಮೆ. ಹವೆ ಹೇಗಿತ್ತು, ಯಾರು ಬಂದರು, ಯಾರ ಮನೆಗೆ ಹೋದೆ, ಎಷ್ಟು ಹೊತ್ತಿಗೆ ಮಗು ಹುಟ್ಟಿತು, ಮಗಳು ಎಷ್ಟು ನೂಲು ತೆಗೆದಳು, ಹುರುಳಿಕಾಯಿ ಬಿತ್ತಿದೆ, ಬಟ್ಟೆ ಒಗೆದೆ ಎಂಬಂತಹ ಸಾಲುಗಳು. ಹೆರಿಗೆಗೆ ಕ್ರಮಸಂಖ್ಯೆಯಿದೆ, ಅದರ ಸಂಭಾವನೆ ಕೈಸೇರಿದರೆ ಅಂಚಿನಲ್ಲಿ ಎರಡು ಕತ್ತರಿ ಗುರುತುಗಳಿವೆ. ಸಾಮಾನ್ಯವಾಗಿ ಆ ಸಂಭಾವನೆ ಆರು ಶಿಲ್ಲಿಂಗು, ಅದೂ ಎಷ್ಟೋ ಸಲ ಹಣದ ಬದಲು ದಿನಸಿಯ ರೂಪದಲ್ಲಿ. ಈ ಕಾರಣಕ್ಕಾಗಿಯೇ ದಿನಚರಿಯನ್ನು ಮೊದಲು ನೋಡಿದವರು ಅದನ್ನು ಬದಿಗಿಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರಿನ ಚರಿತ್ರೆಯನ್ನು ಬರೆದವರಿಗೆ ಅದರಲ್ಲಿ ಸಾರ್ವಜನಿಕ ಆಸಕ್ತಿಯ ಸಂಗತಿ ಹೆಚ್ಚೇನೂ ಕಾಣಲಿಲ್ಲ. ನೂರು ವರ್ಷಗಳ ನಂತರ, ಸೂಲಗಿತ್ತಿಯರ ಚರಿತ್ರೆಯಲ್ಲಿ ನಿಜವಾದ ಆಸಕ್ತಿಯಿದ್ದವರಿಗೂ ಅದು ಮನೆಗೆಲಸದ ಕ್ಷುಲ್ಲಕ ವಿವರಗಳಿಂದ ತುಂಬಿದೆಯೆಂದೇ ತೋರಿತು. ಲಾರೆಲ್ ಥ್ಯಾಚರ್ ಉಲ್ರಿಕ್ ಎಂಬ ಇತಿಹಾಸಕಾರ್ತಿ ಈ ಕ್ಷುಲ್ಲಕತೆಯೇ ಇದರ ಸತ್ವ ಎಂದು ತೀರ್ಮಾನಿಸಿ, ವರ್ಷಗಟ್ಟಲೆ ಅದರೊಂದಿಗೆ ಕುಳಿತು 1990ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ನಾನು ಮುಂದೆ ಹೇಳುವ ಎಣಿಕೆಗಳು ಅವರವು.

ಅವರು ಮಾಡಿದ ಮೊದಲ ಕೆಲಸ ಎಣಿಸುವುದು. 1787ರ ಆಗಸ್ಟ್ 3ರಿಂದ 24ರವರೆಗಿನ ಮೂರು ವಾರಗಳನ್ನು ನೋಡಿ. ಊರಿನಲ್ಲಿ ಗಂಟಲು ಹುಣ್ಣಾಗಿ ಮೈಮೇಲೆ ಕೆಂಪು ದದ್ದು ಏಳುವ ಜ್ವರ ಹಬ್ಬಿದೆ. ಒಂದೊಂದೇ ದಿನದ ಬರಹವನ್ನು ಓದಿದರೆ ಅಲ್ಲಿ ಹೋದೆ, ಇಲ್ಲಿ ಬಂದೆ ಎಂಬುದರ ಹೊರತು ಏನೂ ಉಳಿಯುವುದಿಲ್ಲ. ಒಟ್ಟಾಗಿ ಎಣಿಸಿದಾಗ ಆ ಮೂರು ವಾರಗಳಲ್ಲಿ ಅವಳು ನಾಲ್ಕು ಹೆರಿಗೆ ಮಾಡಿಸಿದ್ದಾಳೆ, ಬೇನೆಯೆಂದು ಕರೆಸಿ ಬೇನೆಯಲ್ಲದ ಒಂದು ಮನೆಗೆ ಹೋಗಿಬಂದಿದ್ದಾಳೆ, ಹದಿನಾರು ಸಲ ರೋಗಿಗಳನ್ನು ಕಂಡಿದ್ದಾಳೆ, ಮೂರು ಹೆಣಗಳನ್ನು ಸಂಸ್ಕಾರಕ್ಕೆ ಅಣಿಮಾಡಿದ್ದಾಳೆ, ಒಬ್ಬರಿಗೆ ಗುಳಿಗೆ ಕೊಟ್ಟಿದ್ದಾಳೆ, ಇನ್ನೊಬ್ಬರಿಗೆ ಗಿಡಮೂಲಿಕೆ ಕೊಯ್ದು ಸಿದ್ಧಮಾಡಿದ್ದಾಳೆ, ಜೊತೆಗೆ ತನ್ನ ಗಂಡನ ಗಂಟಲುನೋವಿಗೂ ಮದ್ದು ಮಾಡಿದ್ದಾಳೆ. ನಾವು ಇಂದು ವೈದ್ಯ, ದಾದಿ, ಔಷಧಿ ಅಂಗಡಿಯವರು, ಶವಾಗಾರದವರು ಎಂದು ಬೇರೆ ಬೇರೆ ಹೆಸರಿನಲ್ಲಿ ಕರೆಯುವ ಕೆಲಸಗಳೆಲ್ಲ ಒಬ್ಬ ಹೆಂಗಸಿನ ಒಂದೇ ವೃತ್ತಿಯೊಳಗಿದ್ದವು. ಆ ಊರಿನಲ್ಲಿ ವೈದ್ಯರು ಇರಲಿಲ್ಲವೆಂದಲ್ಲ, ಇದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವೈದ್ಯರು ಬಂದರು, ಸೂಲಗಿತ್ತಿಯರು ಹಿಂದೆ ಸರಿದರು ಎಂಬ ಕಥನ ಬಾಸ್ಟನ್, ಫಿಲಡೆಲ್ಫಿಯಾಗಳಂತಹ ನಗರಗಳನ್ನು ನೋಡಿ ಬರೆದದ್ದು. ಹ್ಯಾಲೊವೆಲ್ಲಿನಲ್ಲಿ ಇಬ್ಬರೂ ಒಂದೇ ಕಾಲದಲ್ಲಿ, ಒಂದೇ ಮನೆಗಳಲ್ಲಿ ಕೆಲಸಮಾಡುತ್ತಿದ್ದರು. ಮುಂದಿನ ವರ್ಷಗಳಲ್ಲಿ ಬಂದ ಬೆಂಜಮಿನ್ ಪೇಜ್ ಎಂಬ ಯುವ ವೈದ್ಯನು ಬೇನೆ ತಿನ್ನುತ್ತಿದ್ದ ಒಬ್ಬಳಿಗೆ ಇಪ್ಪತ್ತು ತೊಟ್ಟು ಅಫೀಮಿನ ದ್ರಾವಣ ಕುಡಿಸಿ, ಚೆನ್ನಾಗಿ ಬರುತ್ತಿದ್ದ ಬೇನೆ ಸಂಜೆಯವರೆಗೆ ನಿಂತೇಹೋಯಿತು ಎಂದು ಮಾರ್ಥಾ ಬರೆದಿದ್ದಾಳೆ. ಅವಳ ಕೈಯಲ್ಲಾದ ಎಂಟುನೂರಕ್ಕೂ ಹೆಚ್ಚು ಹೆರಿಗೆಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ. ಬಾಣಂತನದ ದಿನಗಳಲ್ಲಿ ಸತ್ತವರು ಐವರು. ಹಳೆಯ ಕಾಲದ ಸೂಲಗಿತ್ತಿಯೆಂದರೆ ಅಜ್ಞಾನ, ಸಾವು ಎಂಬ ಸಾಮಾನ್ಯೀಕರಣವನ್ನು ಇನ್ನು ಮುಂದೆ ಸಾಕ್ಷಿ ಕೇಳದೆ ಬರೆಯುವಂತಿಲ್ಲ.

ಎಣಿಸುವುದು ಅರ್ಧ ಕೆಲಸ. ಉಳಿದರ್ಧವೆಂದರೆ ದಿನಚರಿಯ ಒಂದು ಸಾಲನ್ನು ಅದೇ ಊರಿನ ಬೇರೆ ದಾಖಲೆಗಳ ಪಕ್ಕದಲ್ಲಿಟ್ಟು ಓದುವುದು. ಇದನ್ನು ಒಂದು ಪ್ರಸಂಗದ ಮೂಲಕ ವಿವರವಾಗಿ ಹೇಳುತ್ತೇನೆ.

ಹ್ಯಾಲೊವೆಲ್ ಆಗ ಸೇರಿದ್ದ ಮ್ಯಾಸಚೂಸೆಟ್ಸಿನ ಕಾನೂನಿನಲ್ಲಿ ಮದುವೆಯಾಗದೆ ಬಸುರಾಗುವುದು ಅಪರಾಧ. ಅಂಥವಳು ಹೆರಿಗೆಯ ಬೇನೆ ತೀವ್ರವಾಗಿರುವಾಗ ಸೂಲಗಿತ್ತಿ ಕೇಳಿದ ಪ್ರಶ್ನೆಗೆ ಮಗುವಿನ ತಂದೆಯ ಹೆಸರನ್ನು ಹೇಳಿದರೆ ಅದು ಸಾಕ್ಷ್ಯವೆನಿಸುತ್ತಿತ್ತು. ಸಾವಿನ ಅಂಚಿನಲ್ಲಿರುವ ಹೆಣ್ಣು ಸುಳ್ಳಾಡುವುದಿಲ್ಲ ಎಂಬುದು ಅದರ ಹಿಂದಿನ ನಂಬಿಕೆ. ಆ ಸಾಕ್ಷ್ಯದ ಬಲದಿಂದ ಆ ಗಂಡಸಿನಿಂದ ಮಗುವಿನ ಪೋಷಣೆಗೆ ಹಣ ವಸೂಲು ಮಾಡಬಹುದಾಗಿತ್ತು. ಈಗ ನ್ಯಾಯಾಲಯದ ಕಡತಗಳನ್ನು ಮಾತ್ರ ನೋಡುವ ಇತಿಹಾಸಕಾರನಿಗೆ ಏನು ಕಾಣುತ್ತದೆ? ಶತಮಾನದ ಕೊನೆಯ ವೇಳೆಗೆ ಇಂತಹ ಪ್ರಕರಣಗಳು ವಿರಳವಾಗುತ್ತವೆ, ಗಂಡಸರ ಮೇಲಿನ ಮೊಕದ್ದಮೆಗಳಂತೂ ಕಾಣುವುದೇ ಅಪರೂಪ. ಇದರಿಂದ ಅವನು ಎರಡರಲ್ಲೊಂದು ತೀರ್ಮಾನಕ್ಕೆ ಬರಬಹುದು: ಇಂತಹ ಬಸಿರು ಕಡಿಮೆಯಾಯಿತು, ಅಥವಾ ಗಂಡಸರು ಹೊಣೆಯಿಂದ ಪಾರಾಗಿ ಭಾರವೆಲ್ಲ ಹೆಣ್ಣಿನ ಮೇಲೆ ಬಿತ್ತು.

ದಿನಚರಿ ಈ ಎರಡನ್ನೂ ಒಪ್ಪುವುದಿಲ್ಲ. 1785ರಿಂದ 1797ರವರೆಗೆ ಮಾರ್ಥಾ 106 ಚೊಚ್ಚಲ ಹೆರಿಗೆಗಳನ್ನು ಮಾಡಿಸಿದಳು. ದಿನಚರಿಯಲ್ಲಿ ಹೆರಿಗೆಯ ತಾರೀಕು ಇದೆ, ಊರಿನ ದಾಖಲೆಯಲ್ಲಿ ಮದುವೆಯ ತಾರೀಕು ಇದೆ. ಎರಡನ್ನೂ ಒಂದೊಂದು ಹೆಸರಿಗೂ ಜೋಡಿಸಿ ನಡುವಿನ ತಿಂಗಳುಗಳನ್ನು ಲೆಕ್ಕ ಹಾಕಿದಾಗ, ಆ 106ರಲ್ಲಿ 40 ಮಕ್ಕಳು, ಎಂದರೆ ನೂರಕ್ಕೆ 38, ಮದುವೆಗೆ ಮೊದಲೇ ಗರ್ಭದಲ್ಲಿದ್ದವು ಎಂದು ತಿಳಿಯುತ್ತದೆ. ಆ 40 ಹೆಂಗಸರಲ್ಲಿ 31 ಮಂದಿಗೆ ಹೆರಿಗೆಯ ಹೊತ್ತಿಗೆ ಮಗುವಿನ ತಂದೆಯೊಂದಿಗೇ ಮದುವೆಯಾಗಿತ್ತು. ಅಂದರೆ ಇಂತಹ ಬಸಿರು ಅಪರೂಪವೂ ಆಗಿರಲಿಲ್ಲ, ಗಂಡಸರು ಹಾಗೆಯೇ ತಪ್ಪಿಸಿಕೊಂಡೂ ಹೋಗುತ್ತಿರಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಗುವ ಮೊದಲೇ ಮನೆ, ನೆರೆ, ಸೂಲಗಿತ್ತಿ ಸೇರಿ ಅದನ್ನು ತೀರಿಸುತ್ತಿದ್ದರು. ಕಡತದಲ್ಲಿ ಮೊಕದ್ದಮೆ ಇಲ್ಲದಿರುವುದು ಇತ್ಯರ್ಥದ ಗುರುತಾಗಿತ್ತು, ನಾವು ಅದನ್ನು ಘಟನೆಯೇ ಇಲ್ಲವೆಂದೋ ಅನ್ಯಾಯವೆಂದೋ ಓದುತ್ತಿದ್ದೆವು.

ಇದೇ ವಿಷಯ ಒಮ್ಮೆ ಮಾರ್ಥಾಳ ಮನೆಯೊಳಗೇ ಬಂತು. 1791ರ ಅಕ್ಟೋಬರ್ 23ರಂದು ಸ್ಯಾಲಿ ಪಿಯರ್ಸ್ ಎಂಬ ಅವಿವಾಹಿತೆಯ ಹೆರಿಗೆಗೆ ಅವಳು ಹೋದಳು. ಮಧ್ಯಾಹ್ನ ಒಂದು ಗಂಟೆಗೆ ಗಂಡುಮಗು ಹುಟ್ಟಿತು. ಬೇನೆ ಕಠಿಣವಾಗಿತ್ತು, ಹೊರಡುವಾಗ ಬಾಣಂತಿ ಕ್ಷೇಮವಾಗಿದ್ದಳು ಎಂದು ಬರೆದು, ತನ್ನ ಮಗ ಜೊನಾಥನ್ ಆ ಮಗುವಿನ ತಂದೆಯೆಂದು ಸ್ಯಾಲಿ ಹೇಳಿದಳು ಎಂದು ಸೇರಿಸುತ್ತಾಳೆ. ಕಾನೂನು ಕೇಳಬೇಕೆಂದ ಪ್ರಶ್ನೆಯನ್ನು ಅವಳೇ ಕೇಳಿದ್ದಾಳೆ, ಬಂದ ಉತ್ತರವನ್ನು ತನ್ನ ಕೈಯಾರೆ ದಾಖಲಿಸಿದ್ದಾಳೆ. ನಾಲ್ಕು ತಿಂಗಳಾದ ಮೇಲೆ, ಫೆಬ್ರವರಿಯಲ್ಲಿ, ಜೊನಾಥನ್ ಮತ್ತು ಸ್ಯಾಲಿಯ ಮದುವೆಯಾಯಿತು.

ಆ ಮಧ್ಯಾಹ್ನ ಬೇನೆಯಲ್ಲಿದ್ದ ಹುಡುಗಿಯ ಬಾಯಿಂದ ಮಗನ ಹೆಸರು ಕೇಳಿದಾಗ ಮಾರ್ಥಾಳಿಗೆ ಏನನ್ನಿಸಿತು ಎಂದು ತಿಳಿಯುವ ಆಸೆ ಯಾರಿಗಾದರೂ ಆಗುತ್ತದೆ. ದಿನಚರಿಯಲ್ಲಿ ಅದರ ಬಗ್ಗೆ ಒಂದು ಪದವೂ ಇಲ್ಲ. ಸೂಕ್ಷ್ಮ ಚರಿತ್ರೆ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ವ್ಯಕ್ತಿ ಹತ್ತಿರವಾದಷ್ಟೂ ನಮಗೆ ಅವರ ಪರಿಚಯವಿದೆಯೆಂದು ಅನಿಸತೊಡಗುತ್ತದೆ, ದಾಖಲೆ ಬಿಟ್ಟ ಜಾಗವನ್ನು ನಮ್ಮ ಊಹೆ ತುಂಬುತ್ತದೆ, ಓದುಗನಿಗೆ ಯಾವುದು ದಾಖಲೆ ಯಾವುದು ಊಹೆ ಎಂದು ತಿಳಿಯದಂತಾಗುತ್ತದೆ. ಊಹೆ ಮಾಡಬಾರದೆಂದಲ್ಲ, ಊಹೆಯನ್ನು ಊಹೆಯೆಂದೇ ಹೇಳಿ, ಅದಕ್ಕೆ ಆಧಾರವಾದ ಪಕ್ಕದ ದಾಖಲೆಯನ್ನು ತೋರಿಸಬೇಕು. ಇನ್ನೊಂದು ಬಗೆಯ ಕೇಡೂ ಇದೆ. ವಿವರಗಳೆಲ್ಲ ಸರಿಯಾಗಿದ್ದು, ಓದಲು ಸ್ವಾರಸ್ಯವಾಗಿದ್ದು, ಆದರೂ ಕೊನೆಗೆ ಅದು ಬರಿಯ ಒಂದು ಪ್ರಸಂಗವಾಗಿ ಉಳಿದುಬಿಡಬಹುದು. ಇದನ್ನು ಪರೀಕ್ಷಿಸಲು ನಾನು ಒಂದು ಸರಳ ಪ್ರಶ್ನೆಯನ್ನು ಕೇಳಿಕೊಳ್ಳುತ್ತೇನೆ: ಈ ಊರಿನ ಬಗ್ಗೆ ತಿಳಿದ ಮೇಲೆ, ಆ ಕಾಲದ ದೊಡ್ಡ ಚರಿತ್ರೆಯ ಪುಸ್ತಕದಲ್ಲಿ ಯಾವ ವಾಕ್ಯವನ್ನು ತಿದ್ದಬೇಕಾಗುತ್ತದೆ? ಹ್ಯಾಲೊವೆಲ್ಲಿನ 106 ಹೆರಿಗೆಗಳಿಗೆ ಈ ಪ್ರಶ್ನೆಗೆ ಉತ್ತರವಿದೆ.

ಆ ತಿದ್ದುಪಡಿ ಬಟ್ಟೆಯ ವಿಷಯದಲ್ಲಿಯೂ ಆಗುತ್ತದೆ. ಊರಿನ ಕಂದಾಯದ ಪಟ್ಟಿಯಲ್ಲಿ, ವ್ಯಾಪಾರಿಗಳ ಲೆಕ್ಕದ ಪುಸ್ತಕದಲ್ಲಿ ಇರುವುದು ಹೆಚ್ಚುಕಡಿಮೆ ಗಂಡಸರ ಹೆಸರುಗಳು. ಅವನ್ನು ನೋಡಿದರೆ ಹ್ಯಾಲೊವೆಲ್ ಎಂದರೆ ಮರ, ಮೀನು, ಜಮೀನು. 1787ರ ಸುಮಾರಿಗೆ ಬ್ಯಾಲಾರ್ಡರ ಮನೆಗೆ ಮಗ್ಗ ಬಂತು. ಅಲ್ಲಿಂದ ಮುಂದೆ ದಿನಚರಿಯನ್ನು ಹಿಡಿದು ಹೋದರೆ, ಒಂದು ಮನೆಯಲ್ಲಿ ಅಗಸೆಯ ನಾರನ್ನು ಹದಮಾಡಿ, ಇನ್ನೊಂದರಲ್ಲಿ ನೂತು, ಹಾಸು ಹಾಕುವುದನ್ನು ಬಲ್ಲವಳೊಬ್ಬಳನ್ನು ಕರೆಸಿ, ಮಾರ್ಥಾಳ ಹೆಣ್ಣುಮಕ್ಕಳೂ ಸಂಬಳಕ್ಕಿದ್ದ ಹುಡುಗಿಯರೂ ನೆಯ್ದು, ಆ ಬಟ್ಟೆಯನ್ನು ಇತರ ವಸ್ತುಗಳಿಗೆ ಬದಲಾಯಿಸಿಕೊಳ್ಳುವ ವ್ಯವಹಾರವೊಂದು ಕಾಣುತ್ತದೆ. ಅದು ಹೆಂಗಸರ ನಡುವೆಯೇ ನಡೆಯುತ್ತಿತ್ತು, ಅದರ ಕೊಡುಕೊಳ್ಳುವ ಲೆಕ್ಕ ಅವರಲ್ಲಿಯೇ ಇರುತ್ತಿತ್ತು. ಹೆಣ್ಣುಮಕ್ಕಳು ಮದುವೆಯಾಗಿ ಹೋದ ಮೇಲೆ ಮಗ್ಗದ ಸದ್ದು ಕಡಿಮೆಯಾಗುತ್ತದೆ, ಮನೆಗೆಲಸಕ್ಕೆ ಜನ ಸಿಗದ ಬಳಲಿಕೆ ಬರಹದಲ್ಲಿ ಹೆಚ್ಚುತ್ತದೆ, ರಾತ್ರಿ ಹೊಳೆ ದಾಟಿ ಹೆರಿಗೆಗೆ ಹೋಗುವುದು ಕಷ್ಟವಾಗುತ್ತದೆ. ಮಗಳು ಮಗ್ಗದ ಮುಂದೆ ಕುಳಿತಿದ್ದರಿಂದಲೇ ತಾಯಿ ಸೂಲಗಿತ್ತಿಯಾಗಿ ಊರೆಲ್ಲ ತಿರುಗಲು ಆಗುತ್ತಿತ್ತು ಎಂಬುದನ್ನು ಯಾವ ಕಂದಾಯದ ಪಟ್ಟಿಯೂ ಹೇಳಲಾರದು.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ದಿನವೂ ಬರೆದ ಒಬ್ಬ ಸೂಲಗಿತ್ತಿ ತನ್ನ ಕಾಲದ ಹೆಂಗಸರ ಪ್ರತಿನಿಧಿಯಾಗುವುದು ಹೇಗೆ? ಬರೆದಳು ಎಂಬುದರಿಂದಲೇ ಅವಳು ಅಸಾಮಾನ್ಯಳಲ್ಲವೆ? ಗ್ರೆಂದಿ ಇದಕ್ಕೆ ‘ಅಸಾಮಾನ್ಯವಾದ ಸಾಮಾನ್ಯ’ ಎಂಬ ಅರ್ಥದ ಒಂದು ಪರಿಕಲ್ಪನೆಯನ್ನು ಕೊಟ್ಟರು. ದಾಖಲೆ ಅಪರೂಪದ್ದಾಗಿರಬಹುದು, ಆದರೆ ಆ ದಾಖಲೆ ತೋರಿಸುವುದು ಬೇರೆ ಯಾರೂ ಬರೆಯುವ ಅಗತ್ಯವಿಲ್ಲವೆಂದುಕೊಂಡಷ್ಟು ಸಾಮಾನ್ಯವಾದ ಸಂಗತಿಯಾಗಿರಬಹುದು. ಮಾರ್ಥಾ ಬರೆದದ್ದು ಅಪರೂಪ, ಮಾಡಿದ್ದು ಅಪರೂಪವಲ್ಲ. ಅವಳ ದಿನಚರಿಯಲ್ಲೇ ಬೇರೆ ಸೂಲಗಿತ್ತಿಯರೂ, ರೋಗಿಗಳ ಬಳಿ ರಾತ್ರಿ ಕೂರುವ ನೆರೆಯ ಹೆಂಗಸರೂ ಬಂದುಹೋಗುತ್ತಾರೆ. ಮ್ಯಾಸಚೂಸೆಟ್ಸ್, ಮೇನ್‌ಗಳು ಸೇರಿದ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಅನೇಕ ಊರುಗಳ ನೋಂದಣಿಗಳನ್ನು ಎಣಿಸಿದ ಜನಸಂಖ್ಯಾ ಅಧ್ಯಯನಗಳೂ ಆ ದಶಕಗಳಲ್ಲಿ ಮದುವೆಗೆ ಮೊದಲಿನ ಬಸಿರು ನೂರಕ್ಕೆ ಸುಮಾರು ಮೂವತ್ತರವರೆಗೆ ಏರಿತ್ತೆಂದು ತೋರಿಸಿವೆ. ಹೀಗೆ ದೊಡ್ಡ ಎಣಿಕೆ ಈ ಊರು ವಿಚಿತ್ರವಲ್ಲವೆಂದು ಹೇಳುತ್ತದೆ, ಈ ಊರು ಆ ಎಣಿಕೆಯ ಹಿಂದೆ ಏನು ನಡೆಯುತ್ತಿತ್ತೆಂದು ಹೇಳುತ್ತದೆ. ಒಂದನ್ನು ಬಿಟ್ಟು ಇನ್ನೊಂದು ನಿಲ್ಲದು. ಸೂಕ್ಷ್ಮ ಚರಿತ್ರೆಯು ಅಂಕಿಅಂಶಗಳ ಚರಿತ್ರೆಗೆ ಬದಲಿಯೆಂದು ವಾದಿಸುವವರ ಜೊತೆ ನನಗೆ ಒಪ್ಪಿಗೆಯಿಲ್ಲ.

ಇದೇ ಮಾತುಗಳನ್ನು ಒಂದು ಸಭೆಯಲ್ಲಿ ಆಡಿ ಮುಗಿಸಿದ ಮೇಲೆ ಅಲ್ಲಿದ್ದ ಹಿರಿಯರೊಬ್ಬರು ನಮ್ಮ ಸೀಮೆಯ ಸೂಲಗಿತ್ತಿಯರ ಬಗ್ಗೆ ಇಂತಹ ಚರಿತ್ರೆ ಸಾಧ್ಯವೇ ಎಂದು ಕೇಳಿದರು. ಎಲ್ಲರ ಮನಸ್ಸಿನಲ್ಲಿದ್ದ ಹೆಸರು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರದು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರೆಂದು ಹೇಳಲಾಗುತ್ತದೆ. ಮಾರ್ಥಾಳ 816ಕ್ಕೂ ಈ ಸಂಖ್ಯೆಗೂ ಇರುವ ವ್ಯತ್ಯಾಸ ದೊಡ್ಡದು ಚಿಕ್ಕದು ಎಂಬುದರಲ್ಲಿಲ್ಲ. 816ರಲ್ಲಿ ಪ್ರತಿಯೊಂದಕ್ಕೂ ತಾರೀಕಿದೆ, ಮನೆಯ ಹೆಸರಿದೆ, ಅದನ್ನು ಮತ್ತೊಂದು ದಾಖಲೆಯ ಪಕ್ಕದಲ್ಲಿಟ್ಟು ಲೆಕ್ಕ ಹಾಕಬಹುದು. ನರಸಮ್ಮನವರಿಗೆ ಓದುಬರಹ ಬರುತ್ತಿರಲಿಲ್ಲ; ಅವರ ಹೆರಿಗೆಗಳು ಇರುವುದು ನೆನಪಿನಲ್ಲಿ. ಅವರಿಂದ ಹೆರಿಗೆಯಾದ ತಾಯಂದಿರನ್ನು, ಹುಟ್ಟಿದ ಮಕ್ಕಳನ್ನು ಊರೂರಿಗೆ ಹೋಗಿ ಕೇಳಿ, ಯಾವ ಹಬ್ಬದ ಸುಮಾರಿಗೆ, ಯಾವ ಬರಗಾಲದ ವರ್ಷ, ಕೂಲಿಯಾಗಿ ಏನು ಕೊಟ್ಟರು, ಯಾವಾಗ ಆಸ್ಪತ್ರೆಗೆ ಕಳಿಸಿದರು ಎಂದು ಬರೆದುಕೊಂಡು, ಆಮೇಲೆ ಆ ಊರುಗಳ ಜನನ ದಾಖಲೆಯೊಂದಿಗೆ ಹೋಲಿಸಿದರೆ ಕೆಲಸ ಅಸಾಧ್ಯವಲ್ಲ ಎಂದು ನಾನು ಉತ್ತರಿಸಿದೆ. ಆದರೆ ಅದು ಆ ತಾಯಂದಿರು ಬದುಕಿರುವ ವರ್ಷಗಳಲ್ಲಿ ಮಾತ್ರ ಆಗುವ ಕೆಲಸ.

ಜನನ ದಾಖಲೆಯಿಂದ ಎಷ್ಟು ನೆರವು ಸಿಕ್ಕೀತು ಎಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ಜನನ ವರದಿಯ ನಮೂನೆಯಲ್ಲಿ ಹೆರಿಗೆ ಯಾವ ಬಗೆಯ ನೆರವಿನಿಂದ ಆಯಿತೆಂದು ಕೇಳುವ ಅಂಕಣವಿದೆ. ಸರ್ಕಾರಿ ಆಸ್ಪತ್ರೆ, ಖಾಸಗಿ ಆಸ್ಪತ್ರೆ, ವೈದ್ಯರು ಅಥವಾ ತರಬೇತಿ ಪಡೆದ ದಾದಿ, ಸಾಂಪ್ರದಾಯಿಕ ಸೂಲಗಿತ್ತಿ, ಬಂಧುಗಳು ಅಥವಾ ಇತರರು ಎಂಬುವುಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಗುರುತು ಹಾಕಿದ ಮೇಲೆ ಆ ಸೂಲಗಿತ್ತಿಯ ಹೆಸರನ್ನು ಬರೆಯಲು ಅದರಲ್ಲಿ ಜಾಗವಿಲ್ಲ.